ಹುಲ್ಲು ಹೊಡಿಯೋ ಮಷೀನಿನ ಮ್ಯಾನುಯಲ್: ಎಚ್ಚರಿಕೆಗಳನ್ನ ಕನ್ನಡಕ್ಕೆ ತರೋದು ಹೇಗೆ

ಮಳೆಗಾಲದಲ್ಲಿ ಕೊಡಗಿನ ಯಾವ ತೋಟದ ಕಡೆ ಹೋದ್ರೂ ಬ್ರಷ್ ಕಟರ್ ಸದ್ದು ಕೇಳ್ತಾನೆ ಇರತ್ತೆ. ಕತ್ತಿಯಲ್ಲಿ ಕಳೆ ಹೊಡಿಯೋಕೆ ಆಳು ಸಿಗೋದು ಕಷ್ಟ ಆದ್ಮೇಲೆ ಸಣ್ಣ ಪ್ಲಾಂಟರ್‌ಗಳ ಮನೆಲೂ ಒಂದಾದ್ರೂ ಮಷೀನ್ ಉಂಟು. ಅದರ ಜೊತೆ ಬರೋ ಪುಸ್ತಕವನ್ನ ಕನ್ನಡ ಮಾಡಿಕೊಡಿ ಅಂತ ಡೀಲರ್ ಕಡೆಯಿಂದಲೋ ಏಜೆನ್ಸಿ ಕಡೆಯಿಂದಲೋ ಕೆಲಸ ಬರತ್ತೆ. ಆ ಪುಸ್ತಕದಲ್ಲಿ ಬೇರೆ ಎಲ್ಲಾ ಹೇಗೋ ಆಗತ್ತೆ, ಸ್ಪಾರ್ಕ್ ಪ್ಲಗ್ ಬಿಚ್ಚೋದು ಏರ್ ಫಿಲ್ಟರ್ ತೊಳೆಯೋದು ಇದೆಲ್ಲಾ ಚಿತ್ರ ನೋಡಿದ್ರೇ ಗೊತ್ತಾಗತ್ತೆ. ಕೈ ಕೊಡೋದು ಸೇಫ್ಟಿ ಭಾಗ. ಹಾಗಾಗಿ ಈ ಲೇಖನದಲ್ಲಿ ಅದೊಂದನ್ನೇ ತಗೊಳ್ತೀನಿ, ಉದಾಹರಣೆಗೂ ಬ್ರಷ್ ಕಟರನ್ನೇ ಇಟ್ಕೊಳ್ತೀನಿ.

ಕೆಲಸ ಶುರು ಮಾಡೋಕೆ ಮುಂಚೆ ಓದೋರು ಯಾರು ಅಂತ ಒಂದ್ಸಲ ಯೋಚಿಸಿ. ಪುಸ್ತಕ ಇರೋದು ಧಣಿಗಳ ಮನೆ ಬೀರುವಿನಲ್ಲಿ, ಮಷೀನ್ ಇರೋದು ಲೈನ್ ಮನೆಯಿಂದ ಬರೋ ಕೆಲಸದವರ ಹೆಗಲ ಮೇಲೆ, ನಡುವೆ ಇರೋದು ರೈಟರ್, ಅಂದ್ರೆ ತೋಟದ ಲೆಕ್ಕ ಬರೆದು ಕೆಲಸ ನೋಡ್ಕೊಳ್ಳೋರು. ರೈಟರ್ ಓದಿ ಹೇಳ್ತಾರೆ, ಕೆಲಸದವ್ರು ಕೇಳ್ತಾರೆ. ಕೇಳೋರಲ್ಲಿ ಮನೇಲಿ ಎರವ ಭಾಷೆ ಆಡೋರು, ಅರೆಭಾಷೆ, ಮಲಯಾಳಂ, ತುಳು ಆಡೋರು, ಅಸ್ಸಾಂ ಕಡೆಯಿಂದ ಬಂದು ಕನ್ನಡ ಈಗಷ್ಟೇ ಕಲೀತಿರೋರು ಎಲ್ಲಾ ಇರ್ತಾರೆ. ಅಂದ್ರೆ ನೀವು ಬರೆಯೋ ಎಚ್ಚರಿಕೆ ಕಣ್ಣಿಗೆ ಮಾತ್ರ ಅಲ್ಲ ಕಿವಿಗೂ ಕೆಲಸ ಮಾಡ್ಬೇಕು. ಕೆಂಪು ಪಟ್ಟಿ, ತ್ರಿಕೋನ, ದಪ್ಪ ಅಕ್ಷರ ಇದ್ಯಾವ್ದೂ ಕಿವಿಗೆ ಕೇಳಲ್ಲ. ತೀವ್ರತೆ ಎಷ್ಟು ಅನ್ನೋದು ವಾಕ್ಯದೊಳಗೇ ಇರಬೇಕು, ಮುಂದೆ ಹೇಳೋದೆಲ್ಲಾ ಇದರ ಮೇಲೇ ನಿಂತಿದೆ.

ಮೊದಲು ನಾಲ್ಕು ಮೆಟ್ಟಿಲು ಹುಡುಕಿ

ಮ್ಯಾನುಯಲ್ ಕೈಗೆ ಬಂದ ತಕ್ಷಣ ಮೊದಲ ಪುಟದಿಂದ ಅನುವಾದ ಶುರು ಮಾಡ್ಬೇಡಿ. ಮೊದಲ ಕೆಲವು ಪುಟಗಳಲ್ಲಿ ಎಲ್ಲೋ ಒಂದು ಕಡೆ "ಈ ಪುಸ್ತಕದಲ್ಲಿ ಬಳಸಿರುವ ಸಂಕೇತಗಳು" ಅನ್ನೋ ಥರದ ಒಂದು ಭಾಗ ಇರತ್ತೆ, ಅದನ್ನ ಹುಡುಕಿ ಅದನ್ನೇ ಮೊದಲು ಮಾಡಿ. ಅಮೆರಿಕದ ಆನ್ಸಿ ಝಡ್ 535 ಮತ್ತೆ ಐಎಸ್‌ಓ 3864 ಅನ್ನೋ ಸ್ಟ್ಯಾಂಡರ್ಡ್‌ಗಳನ್ನ ಹಿಡಿದು ಬರೆದ ಪುಸ್ತಕ ಆದ್ರೆ ಅಲ್ಲಿ ಡೇಂಜರ್, ವಾರ್ನಿಂಗ್, ಕಾಶನ್ ಅಂತ ಮೂರು ಪದ ಸಿಗತ್ತೆ, ಜೊತೆಗೆ ಸಾಮಾನ್ಯವಾಗಿ ನೋಟಿಸ್ ಅಂತ ನಾಲ್ಕನೇದು.

ಇವೇ ಆ ನಾಲ್ಕು ಮೆಟ್ಟಿಲು. ಇವು ಬರೀ ಜೋರು ಮೆತ್ತಗೆ ಅನ್ನೋ ಲೆಕ್ಕದ ಪದ ಅಲ್ಲ, ಒಂದೊಂದಕ್ಕೂ ಅಳತೆ ಉಂಟು. ಡೇಂಜರ್ ಅಂದ್ರೆ ಹೇಳಿದ್ದು ಕೇಳದಿದ್ರೆ ಸಾವು ಅಥವಾ ಗಂಭೀರ ಗಾಯ ಆಗೇ ಆಗತ್ತೆ. ವಾರ್ನಿಂಗ್ ಅಂದ್ರೆ ಸಾವು ಅಥವಾ ಗಂಭೀರ ಗಾಯ ಆಗಬಹುದು. ಕಾಶನ್ ಅಂದ್ರೆ ಸಣ್ಣ ಅಥವಾ ಮಧ್ಯಮ ಗಾಯ ಆಗಬಹುದು. ನೋಟಿಸ್ ಅಂದ್ರೆ ಮನುಷ್ಯರಿಗೆ ಏನೂ ಆಗಲ್ಲ, ಮಷೀನ್ ಅಥವಾ ಆಸ್ತಿ ಹಾಳಾಗಬಹುದು. ಬಣ್ಣ ಕ್ರಮವಾಗಿ ಕೆಂಪು, ಕಿತ್ತಳೆ, ಹಳದಿ, ನೀಲಿ. ಆಶ್ಚರ್ಯಸೂಚಕ ಚಿಹ್ನೆ ಇರೋ ತ್ರಿಕೋನ ಮೊದಲ ಮೂರಕ್ಕೆ ಮಾತ್ರ ಬರತ್ತೆ, ಯಾಕಂದ್ರೆ ಅದು ಮೈಗೆ ಗಾಯ ಆಗೋ ವಿಷಯಕ್ಕೆ ಇರೋ ಗುರುತು, ನೋಟಿಸ್‌ಗೆ ಬರಲ್ಲ.

ಗಮನಿಸಿ, ಡೇಂಜರ್ ಮತ್ತು ವಾರ್ನಿಂಗ್ ಎರಡರಲ್ಲೂ ಆಗೋ ಗಾಯ ಒಂದೇ. ವ್ಯತ್ಯಾಸ ಇರೋದು "ಆಗತ್ತೆ" ಮತ್ತು "ಆಗಬಹುದು" ಅನ್ನೋದರಲ್ಲಿ. ವಾರ್ನಿಂಗ್ ಮತ್ತು ಕಾಶನ್ ಎರಡರಲ್ಲೂ "ಆಗಬಹುದು" ಒಂದೇ, ಗಾಯದ ಸೈಜು ಬೇರೆ. ಇದನ್ನ ತಲೇಲಿ ಇಟ್ಕೊಂಡ್ರೆ ಅರ್ಧ ಕೆಲಸ ಸುಲಭ.

ಬ್ರಷ್ ಕಟರ್ ಪುಸ್ತಕಗಳಲ್ಲಿ ನಿಜವಾದ ಡೇಂಜರ್ ಕಡಿಮೆ, ಹೆಚ್ಚಿನದೆಲ್ಲಾ ವಾರ್ನಿಂಗ್. ಡೇಂಜರ್ ಹೇಗಿರತ್ತೆ ಅಂತ ನೋಡ್ಬೇಕಂದ್ರೆ ಮರಗಸಿಗೆ, ಅಂದ್ರೆ ನೆರಳು ಮರದ ಕೊಂಬೆ ಕಡಿಯೋಕೆ ಬಳಸೋ ಉದ್ದ ಕೋಲಿನ ಗರಗಸದ ಪುಸ್ತಕ ತೆಗೀರಿ. ಕರೆಂಟ್ ತಂತಿಗೆ ತಾಗಿದ್ರೆ ಆ ಕೋಲು ನಿಮ್ಮನ್ನ ಕಾಪಾಡಲ್ಲ ಅನ್ನೋ ಮಾತಿಗೆ ಅಲ್ಲಿ ಡೇಂಜರ್ ಹಾಕಿರ್ತಾರೆ. ಅಲ್ಯೂಮಿನಿಯಂ ಏಣಿ ಇಟ್ಟು ಮೆಣಸು ಕೊಯ್ಯೋ ಊರಿನವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ನಾಲ್ಕು ಪದ ಆರಿಸಿ, ಬೀಗ ಹಾಕಿ

ಕಂಪನಿಯವರ ಹತ್ರ ಹಳೇ ಕನ್ನಡ ಪದಪಟ್ಟಿ ಇದ್ಯಾ ಅಂತ ಮೊದಲು ಕೇಳಿ. ಇದ್ರೆ ಅದು ನಿಮಗೆ ಇಷ್ಟ ಇಲ್ದಿದ್ರೂ ಅದನ್ನೇ ಬಳಸಿ, ಒಂದೇ ಕಂಪನಿಯ ಎರಡು ಮಷೀನಲ್ಲಿ ಎರಡು ಥರ ಇದ್ರೆ ಅದಕ್ಕಿಂತ ಗೋಜಲು ಇನ್ನೊಂದಿಲ್ಲ. ಇಲ್ಲದಿದ್ರೆ ನಾನು ಹಾಕೋದು ಹೀಗೆ: ಡೇಂಜರ್‌ಗೆ ಅಪಾಯ, ವಾರ್ನಿಂಗ್‌ಗೆ ಎಚ್ಚರಿಕೆ, ಕಾಶನ್‌ಗೆ ಜಾಗ್ರತೆ, ನೋಟಿಸ್‌ಗೆ ಗಮನಿಸಿ.

ಅಪಾಯ ಅನ್ನೋ ಪದದ ಬಗ್ಗೆ ಚಿಂತೆ ಇಲ್ಲ, ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ ತಲೆಬುರುಡೆ ಜೊತೆ ನೋಡಿ ನೋಡಿ ಎಲ್ರಿಗೂ ಅದರ ತೂಕ ಗೊತ್ತು. ತಕರಾರು ಇರೋದು ನಡುವಿನ ಎರಡರಲ್ಲಿ. ಎಚ್ಚರಿಕೆ ದೊಡ್ಡದಾ ಜಾಗ್ರತೆ ದೊಡ್ಡದಾ ಅಂತ ಹತ್ತು ಜನರನ್ನ ಕೇಳಿ ನೋಡಿ, ಒಬ್ಬೊಬ್ರು ಒಂದೊಂದು ಹೇಳ್ತಾರೆ. ಮನೆಯಿಂದ ಹೊರಡೋವಾಗ "ಜಾಗ್ರತೆ" ಅಂತಲೂ ಹೇಳ್ತೀವಿ "ಎಚ್ಚರ" ಅಂತಲೂ ಹೇಳ್ತೀವಿ, ಅದರಲ್ಲಿ ಯಾವ್ದು ಮೇಲು ಯಾವ್ದು ಕೆಳಗು ಅಂತ ಇಲ್ಲ. ಇದಕ್ಕೆ ಪದ ಬದಲಾಯಿಸಿ ಪರಿಹಾರ ಹುಡುಕೋಕೆ ಹೋಗ್ಬೇಡಿ. ಕೆಲವ್ರು "ತೀವ್ರ ಎಚ್ಚರಿಕೆ", "ಸಾಮಾನ್ಯ ಎಚ್ಚರಿಕೆ" ಅಂತ ಮಾಡ್ತಾರೆ, ಸಾಮಾನ್ಯ ಅಂದ ಕೂಡ್ಲೇ ಕೇಳೋನು ಆಚೆ ತಿರುಗ್ತಾನೆ. ಪದ ಒಂದು ಹೆಸರಿನ ಪಟ್ಟಿ ಅಷ್ಟೇ ಅಂದ್ಕೊಳ್ಳಿ, ತೂಕ ಎಷ್ಟು ಅಂತ ಅದರ ಕೆಳಗಿನ ಸಾಲು ಹೇಳ್ಬೇಕು.

ಆರಿಸಿದ್ಮೇಲೆ ಇಡೀ ಪುಸ್ತಕದಲ್ಲಿ ಆ ಪದಗಳಿಗೆ ಬೇರೆ ಕೆಲಸ ಕೊಡ್ಬೇಡಿ. "ಎಚ್ಚರಿಕೆಯಿಂದ ನಟ್ ಬಿಗಿ ಮಾಡಿ", "ಅಪಾಯಕಾರಿ ಜಾಗ" ಅಂತೆಲ್ಲಾ ಮಧ್ಯೆ ಮಧ್ಯೆ ಬಂದ್ರೆ ಬೀಗ ಹಾಕಿದ್ದು ದಂಡ. ನಟ್ ವಿಷಯದಲ್ಲಿ "ನಿಧಾನಕ್ಕೆ" ಅನ್ನಿ, "ಸರಿಯಾಗಿ" ಅನ್ನಿ. ಬ್ಲೇಡ್ ಜಿಗಿಯೋ ಜಾಗಕ್ಕೆ ಇನ್ನೊಂದು ಹೆಸರು ಕೊಡಿ. ಕೊನೇಲಿ ಫೈಲಲ್ಲಿ ಈ ನಾಲ್ಕು ಪದ ಹುಡುಕಿ ಒಂದೊಂದೇ ನೋಡಿ, ಹೆಡ್ಡಿಂಗ್ ಬಿಟ್ಟು ಬೇರೆ ಕಡೆ ಸಿಕ್ಕಿದ್ರೆ ಬದಲಾಯಿಸಿ.

ಏನಾಗತ್ತೆ ಅನ್ನೋ ಸಾಲು

ಪ್ರತಿ ಎಚ್ಚರಿಕೆಯಲ್ಲೂ ಮೂರು ಸಂಗತಿ ಇರತ್ತೆ. ಯಾವುದರಿಂದ ತೊಂದರೆ, ಏನಾಗತ್ತೆ, ಏನು ಮಾಡ್ಬೇಕು. ಎರಡನೇದನ್ನ ಅನುವಾದಕರು ಕೈಗೆ ಬಂದ ಹಾಗೆ ಬರೀತಾರೆ, ಒಂದ್ಕಡೆ "ಪ್ರಾಣಹಾನಿ ಸಂಭವಿಸಬಹುದು", ಇನ್ನೊಂದ್ಕಡೆ "ಮರಣಕ್ಕೆ ಕಾರಣವಾಗುತ್ತದೆ", ಮತ್ತೊಂದ್ಕಡೆ "ಅನಾಹುತ ಉಂಟಾದೀತು". ಮೂರಕ್ಕೂ ಮೂಲದಲ್ಲಿ ಇದ್ದದ್ದು ಒಂದೇ ವಾಕ್ಯ. ಹಾಗೆ ಮಾಡ್ಬೇಡಿ. ಮೆಟ್ಟಿಲಿಗೊಂದು ವಾಕ್ಯ ಮೊದಲೇ ಬರೆದಿಟ್ಕೊಂಡು ಅದನ್ನೇ ಅಚ್ಚು ಹೊಡೆದ ಹಾಗೆ ಬಳಸಿ:

ಅಪಾಯ: ಸಾವು ಅಥವಾ ಗಂಭೀರ ಗಾಯ ಆಗುತ್ತದೆ.
ಎಚ್ಚರಿಕೆ: ಸಾವು ಅಥವಾ ಗಂಭೀರ ಗಾಯ ಆಗಬಹುದು.
ಜಾಗ್ರತೆ: ಸಣ್ಣ ಅಥವಾ ಮಧ್ಯಮ ಗಾಯ ಆಗಬಹುದು.
ಗಮನಿಸಿ: ಮಷೀನ್ ಹಾಳಾಗಬಹುದು.

ಮೂಲದಲ್ಲಿ ನಿರ್ದಿಷ್ಟವಾಗಿ ಬೆರಳು ತುಂಡಾಗತ್ತೆ, ಕಣ್ಣು ಹೋಗತ್ತೆ, ಸುಟ್ಟುಹೋಗತ್ತೆ ಅಂತ ಇದ್ರೆ ಅದನ್ನ ಹಾಗೇ ತನ್ನಿ, ಆದ್ರೆ ಕೊನೆಯ ಕ್ರಿಯಾಪದ ಮಾತ್ರ ಮೇಲಿನ ಲೆಕ್ಕ ತಪ್ಪಬಾರದು. ಹೆದರಿಸಿದ್ರೆ ಒಳ್ಳೇದು ಅಂತ ವಾರ್ನಿಂಗ್‌ಗೆ "ಆಗುತ್ತದೆ" ಹಾಕೋರಿದ್ದಾರೆ. ವರ್ಷಾನುಗಟ್ಟಲೆ ಗಾರ್ಡ್ ಇಲ್ಲದೆ ಹೊಡೆದು ಏನೂ ಆಗದೇ ಇರೋ ಮನುಷ್ಯ ಅದನ್ನ ಕೇಳಿ ನಗ್ತಾನೆ, ಆಮೇಲೆ ನಿಜವಾದ ಕರೆಂಟ್ ತಂತಿಯ ಎಚ್ಚರಿಕೆಯನ್ನೂ ನಂಬಲ್ಲ. "ಆದೀತು" ಅನ್ನೋದನ್ನ ನಾನು ಬಳಸಲ್ಲ, ಅಜ್ಜಿ ಬೈದ ಹಾಗೆ ಚೆನ್ನಾಗಿ ಕೇಳತ್ತೆ ನಿಜ, ಆದ್ರೆ ಕನ್ನಡ ಹೊಸದಾಗಿ ಕಲಿತವರಿಗೆ ಅದು ಆಗತ್ತೋ ಆಗಲ್ವೋ ಗೊತ್ತಾಗಲ್ಲ.

ಕೆಳಗಿನ ಮೆಟ್ಟಿಲನ್ನ ಮೇಲಕ್ಕೆ ಎಳೆಯೋದೂ ಇದೇ ಜಾತಿಯ ತಪ್ಪು. ಎರಡು ಸ್ಟ್ರೋಕಿನ ಇಂಜಿನ್‌ಗೆ ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿದ್ರೆ ಪಿಸ್ಟನ್ ಸೀಜ್ ಆಗತ್ತೆ, ರಿಪೇರಿ ಖರ್ಚು ಕೇಳಿದ್ರೆ ಎದೆ ಒಡೆಯತ್ತೆ, ಆದ್ರೆ ಯಾರ ಕೈಕಾಲೂ ಹೋಗಲ್ಲ. ಹಾಗಾಗಿ ಅದು "ಗಮನಿಸಿ", ತ್ರಿಕೋನ ಇಲ್ಲ. ದುಡ್ಡು ಹೋಗೋ ವಿಷಯಕ್ಕೂ ಪ್ರಾಣ ಹೋಗೋ ವಿಷಯಕ್ಕೂ ಒಂದೇ ದನಿ ಇದ್ರೆ ಕೇಳೋರು ಎರಡನ್ನೂ ದುಡ್ಡಿನ ವಿಷಯ ಅಂದ್ಕೊಳ್ತಾರೆ.

ಆಜ್ಞೆ ಕೊಡೋದು

ಕನ್ನಡದಲ್ಲಿ ಬೇಡ ಅನ್ನೋಕೆ ದಾರಿ ಬಹಳ. ಮುಟ್ಟಬೇಡಿ, ಮುಟ್ಟಬಾರದು, ಮುಟ್ಟಕೂಡದು, ಮುಟ್ಟುವಂತಿಲ್ಲ, ಮುಟ್ಟದಿರಿ, ಮುಟ್ಟುವುದನ್ನು ತಪ್ಪಿಸಿ. ಮ್ಯಾನುಯಲ್‌ಗೆ ಬೇಕಾಗಿರೋದು ಮೊದಲನೇದು. "ಮುಟ್ಟಬೇಡಿ" ಎದುರಿಗಿರೋನಿಗೆ ನೇರವಾಗಿ ಹೇಳೋ ಮಾತು. "ಬಾರದು" ಅಂದಾಗ ಅದು ಊರಿಗೆಲ್ಲಾ ಇರೋ ನಿಯಮ ಆಗತ್ತೆ, ನನಗೇ ಹೇಳಿದ್ದು ಅಂತ ಅನ್ಸಲ್ಲ. "ಕೂಡದು", "ವಂತಿಲ್ಲ" ಎರಡೂ ಆಫೀಸಿನ ಬೋರ್ಡ್ ಭಾಷೆ. "ಮುಟ್ಟದಿರಿ" ಸಲಹೆ ಕೊಟ್ಟ ಹಾಗಿರತ್ತೆ. "ತಪ್ಪಿಸಿ" ಅಂತೂ ಬೇಡವೇ ಬೇಡ, ಆದಷ್ಟು ಮುಟ್ಟದೇ ಇರಿ, ಆಗದಿದ್ರೆ ಮುಟ್ಟಿ ಅಂತ ಅರ್ಥ ಕೊಡತ್ತೆ.

ಮೂಲದಲ್ಲಿ "ಯಾವತ್ತೂ ಹಾಗೆ ಮಾಡಬೇಡಿ" ಅನ್ನೋ ಜೋರು ಇದ್ರೆ "ಯಾವತ್ತೂ" ಅನ್ನೋ ಪದ ಸೇರಿಸಿ, ಕ್ರಿಯಾಪದ ಬದಲಾಯಿಸ್ಬೇಡಿ. ನೈಲಾನ್ ದಾರದ ಬದಲು ಕಂಬಿ ಕಟ್ಟೋ ವಿಷಯ ಅಂಥದ್ದು. ಕಲ್ಲು, ಕಾಫಿ ಬೊಡ್ಡೆ ಇರೋ ಕಡೆ ದಾರ ಬೇಗ ಸವೆಯತ್ತೆ ಅಂತ ಯಾರೋ ಒಂದು ತುಂಡು ಕಂಬಿ ಹಾಕ್ತಾರೆ, ಅದು ತುಂಡಾಗಿ ಹಾರಿದ್ರೆ ಹತ್ರ ಇರೋರ ಮೈಗೆ ನುಗ್ಗತ್ತೆ. "ದಾರದ ಬದಲು ಕಂಬಿ ಯಾವತ್ತೂ ಹಾಕಬೇಡಿ." ಇಷ್ಟೇ ಸಾಕು.

ತೆಗೆದುಹಾಕಬೇಕಾದ ಪದಗಳೂ ಇವೆ. "ದಯವಿಟ್ಟು" ಸೇಫ್ಟಿ ಭಾಗದಲ್ಲಿ ಒಂದ್ಸಲವೂ ಬರಬಾರದು, ಮರ್ಯಾದೆಗೆ "ಮಾಡಿ", "ಬೇಡಿ" ಅನ್ನೋ ಬಹುವಚನವೇ ಆಯ್ತಲ್ಲ. "ಸಾಧ್ಯವಾದಷ್ಟು", "ಆದಷ್ಟು", "ಸೂಕ್ತ ಅಂತರ" ಇವು ಮೂಲದಲ್ಲಿ ಇಲ್ಲದೇ ಇದ್ರೂ ಕನ್ನಡದಲ್ಲಿ ತಾನಾಗೇ ನುಸುಳ್ತವೆ. ಬ್ರಷ್ ಕಟರ್ ಪುಸ್ತಕಗಳು ಸಾಮಾನ್ಯವಾಗಿ ಬೇರೆಯವರನ್ನ 15 ಮೀಟರ್ ಅಂದ್ರೆ ಸುಮಾರು 50 ಅಡಿ ದೂರ ಇಡಿ ಅಂತ ಹೇಳ್ತವೆ. ಅದನ್ನ "ಸಾಕಷ್ಟು ದೂರ" ಮಾಡಿದ್ರೆ ಪಕ್ಕದಲ್ಲಿ ಕಳೆ ಎಳೆದು ಹಾಕ್ತಿರೋ ಹೆಂಗಸಿಗೆ ಮೂರು ಹೆಜ್ಜೆಯೂ ಸಾಕಷ್ಟು ದೂರವೇ. ಓದಿ ಹೇಳೋ ರೈಟರ್ ಬೇಕಾದ್ರೆ ಹತ್ತು ಅಡಿಗೊಂದು ರೋಬಸ್ಟಾ ಗಿಡ ಇರೋ ತೋಟದಲ್ಲಿ "ಐದು ಗಿಡದ ಆಚೆ" ಅಂತ ಹೇಳ್ಲಿ, ಪುಸ್ತಕದಲ್ಲಿ ಮಾತ್ರ ಅಂಕಿಯೇ ಇರಬೇಕು.

"ಇಂಜಿನ್ ನಿಲ್ಲಿಸಲ್ಪಟ್ಟಿರಬೇಕು" ಅನ್ನೋ ಜಾತಿಯ ವಾಕ್ಯ ಕಂಡ್ರೆ ಯಾರು ನಿಲ್ಲಿಸ್ಬೇಕು ಅಂತ ಕೇಳ್ಕೊಳ್ಳಿ. ಉತ್ತರ "ನೀವು" ಅಂತಾದ್ರೆ "ಇಂಜಿನ್ ನಿಲ್ಲಿಸಿ" ಅಂತ ಬರೀರಿ. ಅದೇ ರೀತಿ "ಗಾರ್ಡ್ ಅಳವಡಿಸದ ಹೊರತು ಚಾಲನೆ ಮಾಡಬೇಡಿ" ಅಂತ ಎರಡು ಇಲ್ಲ ಒಂದೇ ವಾಕ್ಯದಲ್ಲಿ ಬಂದ್ರೆ ಕೇಳೋರ ತಲೆ ತಿರುಗತ್ತೆ. "ಗಾರ್ಡ್ ಇಲ್ಲದೆ ಸ್ಟಾರ್ಟ್ ಮಾಡಬೇಡಿ" ಅಂದ್ರೆ ಮುಗೀತು. ಥ್ರಾಟಲ್ ಟ್ರಿಗರ್‌ಗೆ ವೇಗನಿಯಂತ್ರಕ ಗುಂಡಿ ಅಂತೆಲ್ಲಾ ಕಟ್ಟೋಕೆ ಹೋಗ್ಬೇಡಿ, ತೋಟದಲ್ಲಿ ಅದು ಎಕ್ಸಲೇಟರ್. ಸ್ವಿಚ್ ಮೇಲೆ ಇಂಗ್ಲಿಷಲ್ಲೇ ಸ್ಟಾಪ್ ಅಂತ ಅಚ್ಚಾಗಿದ್ರೆ ಪುಸ್ತಕದಲ್ಲೂ ಅದನ್ನ ಮಷೀನ್ ಮೇಲೆ ಇರೋ ಹಾಗೇ ತೋರಿಸಿ ಪಕ್ಕದಲ್ಲಿ ಕನ್ನಡ ಕೊಡಿ, ಹುಡುಕೋನಿಗೆ ಕಣ್ಣಿಗೆ ಕಾಣೋ ಗುರುತೇ ಬೇಕು.

"ನಿಲ್ಲಿಸಿ" ಅನ್ನೋ ಎರಡು ತಲೆಯ ಹಾವು

ಇದನ್ನ ಸ್ವಲ್ಪ ನಿಧಾನಕ್ಕೆ ನೋಡೋಣ, ಯಾಕಂದ್ರೆ ಕನ್ನಡ ಮ್ಯಾನುಯಲ್‌ಗಳಲ್ಲಿ ಅರ್ಥ ಪೂರ್ತಿ ತಲೆಕೆಳಗಾಗೋದು ಹೆಚ್ಚಾಗಿ ಇಲ್ಲೇ. ಒಂದು ಕಂಪನಿಯ ಕನ್ನಡ ಹಾಳೆ ಹಿಡ್ಕೊಂಡು ಸಿದ್ದಾಪುರದ ಹತ್ರ ಒಂದು ತೋಟದಲ್ಲಿ ಓದಿ ತೋರಿಸ್ತಿದ್ದೆ. ಅದರಲ್ಲಿ ಹೀಗಿತ್ತು:

"ಇಂಜಿನ್ ನಿಲ್ಲಿಸಿ ತಿರುಗುತ್ತಿರುವ ಬ್ಲೇಡ್ ಮುಟ್ಟಬೇಡಿ."

ಮಷೀನ್ ಹೊಡಿಯೋ ಹುಡುಗ ಒಂದು ಕ್ಷಣ ಸುಮ್ನಿದ್ದು "ಹಾಗಾದ್ರೆ ನಿಲ್ಲಿಸದೆ ಮುಟ್ಬೋದಾ ಅಣ್ಣ?" ಅಂದ. ತಮಾಷೆಗೆ ಕೇಳಿದ್ದು, ಪಕ್ಕದಲ್ಲಿದ್ದ ರೈಟರ್ ಕೂಡ ನಕ್ಕರು, ಆದ್ರೆ ಅವನು ಓದಿದ್ದು ಸರಿ. ಆ ವಾಕ್ಯಕ್ಕೆ ಆ ಅರ್ಥವೂ ಉಂಟು.

ಯಾಕೆ ಅಂದ್ರೆ "ನಿಲ್ಲಿಸಿ" ಅನ್ನೋದು ಎರಡು ಕೆಲಸ ಮಾಡತ್ತೆ. "ನೀವು ನಿಲ್ಲಿಸಿ" ಅನ್ನೋ ಆಜ್ಞೆಯೂ ಅದೇ, "ನಿಲ್ಲಿಸಿಬಿಟ್ಟು ಆಮೇಲೆ" ಅನ್ನೋ ಅರ್ಥವೂ ಅದೇ. ಮೂಲದಲ್ಲಿ ಎರಡು ವಾಕ್ಯ ಇತ್ತು, ಒಂದು ಮಾಡು ಅನ್ನೋದು, ಇನ್ನೊಂದು ಮಾಡಬೇಡ ಅನ್ನೋದು. ಕನ್ನಡದಲ್ಲಿ ಎರಡನ್ನೂ ಒಂದಕ್ಕೆ ಸೇರಿಸಿದಾಗ ಕೊನೆಯ "ಬೇಡಿ" ಹಿಂದಕ್ಕೆ ಹೋಗಿ ಮೊದಲಿನದನ್ನೂ ಹಿಡ್ಕೊಳ್ಳತ್ತೆ. ಹೆಲ್ಮೆಟ್ ಹಾಕಿ ಮಷೀನ್ ಸ್ಟಾರ್ಟ್ ಮಾಡಬೇಡಿ ಅಂದ ಹಾಗೆ.

ಯಾವ ಕ್ರಿಯಾಪದಕ್ಕೆ ಈ ರೋಗ ಇದೆ ಅಂತ ಗುರುತಿಸೋದು ಸುಲಭ. ನಿಲ್ಲಿಸಿ, ಹಾಕಿ, ಬಿಚ್ಚಿ, ಮಾಡಿ, ತುಂಬಿಸಿ, ಇವೆಲ್ಲಾ ಎರಡೂ ಅರ್ಥಕ್ಕೆ ಒಂದೇ ರೂಪ. ಬಿಡಿ ಮತ್ತೆ ಬಿಟ್ಟು, ಇಡಿ ಮತ್ತೆ ಇಟ್ಟು, ಕಾಯಿರಿ ಮತ್ತೆ ಕಾದು, ಇವುಗಳಲ್ಲಿ ರೂಪ ಬೇರೆ ಬೇರೆ ಇರೋದ್ರಿಂದ ಗೊಂದಲ ಇಲ್ಲ. ಮೊದಲ ಗುಂಪಿನ ಪದದ ಹಿಂದೆಯೇ ಅದೇ ವಾಕ್ಯದಲ್ಲಿ "ಬೇಡಿ" ಬಂದ್ರೆ ನಿಂತ್ಕೊಳ್ಳಿ.

ಪರಿಹಾರ ಮೂರು. ಒಂದು, ಪೂರ್ಣವಿರಾಮ ಹಾಕಿ ಹೊಸ ಸಾಲಿಗೆ ಹೋಗೋದು, ಇದು ಎಲ್ಲಕ್ಕಿಂತ ಒಳ್ಳೇದು. ಎರಡು, ಜಾಗ ಇಲ್ಲದ ಕಡೆ "ನಿಲ್ಲಿಸಿದ ನಂತರವೇ" ಅಂತ ಬಿಡಿಸಿ ಬರೆದು ವಾಕ್ಯವನ್ನ ಮಾಡು ಕಡೆಗೇ ತಿರುಗಿಸೋದು. ಮೂರು, "ನಿಲ್ಲಿಸಿರಿ" ಅಂತ ರಿ ಸೇರಿಸೋದು, ಆಗ ಅದು ಆಜ್ಞೆ ಮಾತ್ರ. ಸ್ವಲ್ಪ ಪುಸ್ತಕದ ವಾಸನೆ ಬರತ್ತೆ, ಆದ್ರೂ ಲೇಬಲ್ ಮೇಲೆ ಒಂದೇ ಸಾಲು ಜಾಗ ಇದ್ದಾಗ ಉಪಯೋಗಕ್ಕೆ ಬರತ್ತೆ. ಓದಿ ಹೇಳೋವಾಗ ಪೂರ್ಣವಿರಾಮ ನುಂಗಿಬಿಡೋರಿಗೂ ಈ ಮೂರನೇದು ಕೆಲಸ ಮಾಡತ್ತೆ.

ಮೇಲಿನ ವಾಕ್ಯವನ್ನ ನಾನು ಹೀಗೆ ಮಾಡಿದೆ:

"ಇಂಜಿನ್ ನಿಲ್ಲಿಸಿದ ಮೇಲೂ ಬ್ಲೇಡ್ ಸ್ವಲ್ಪ ಹೊತ್ತು ತಿರುಗುತ್ತದೆ.
ಇಂಜಿನ್ ನಿಲ್ಲಿಸಿ.
ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಕಾಯಿರಿ.
ತಿರುಗುತ್ತಿರುವ ಬ್ಲೇಡ್ ಮುಟ್ಟಬೇಡಿ."

ಮೊದಲ ಸಾಲು ನಾನು ಸೇರಿಸಿದ್ದಲ್ಲ, ಮೂಲದಲ್ಲೇ ಇನ್ನೊಂದು ಕಡೆ ಇತ್ತು. ಎಕ್ಸಲೇಟರ್ ಬಿಟ್ಟ ಮೇಲೂ ಬ್ಲೇಡ್ ತನ್ನ ವೇಗಕ್ಕೆ ಸುತ್ತುತ್ತಾ ಇರತ್ತೆ, ಸದ್ದು ನಿಂತಿತು ಅಂತ ಕೈ ಹಾಕಿದವನ ಬೆರಳು ಹೋಗೋದು ಆಗಲೇ. ಹಾಗೆ ಬೇರೆ ಕಡೆ ಇದ್ದದ್ದನ್ನ ಇಲ್ಲಿಗೆ ತರೋ ಮುಂಚೆ ಕೆಲಸ ಕೊಟ್ಟವರನ್ನ ಕೇಳಿ ಒಪ್ಪಿಗೆ ತಗೊಳ್ಳಿ, ಸೇಫ್ಟಿ ಮಾತನ್ನ ನಮ್ಮಿಷ್ಟಕ್ಕೆ ಜೋಡಿಸೋ ಹಾಗಿಲ್ಲ.

ಒಂದು ಎಚ್ಚರಿಕೆ, ಶುರುವಿಂದ ಕೊನೆವರೆಗೆ

ಪೆಟ್ರೋಲ್ ತುಂಬಿಸೋ ಎಚ್ಚರಿಕೆ ತಗೊಳ್ಳೋಣ. ಮೂಲದಲ್ಲಿ ಇದು ವಾರ್ನಿಂಗ್. ಪೆಟ್ರೋಲ್ ಬೇಗ ಹೊತ್ತಿಕೊಳ್ಳತ್ತೆ, ಬೆಂಕಿಯಿಂದ ಸಾವು ಅಥವಾ ಗಂಭೀರ ಸುಟ್ಟಗಾಯ ಆಗಬಹುದು, ತುಂಬಿಸೋ ಮುಂಚೆ ಇಂಜಿನ್ ನಿಲ್ಲಿಸಿ ತಣ್ಣಗಾಗೋಕೆ ಬಿಡಬೇಕು, ಬೀಡಿ ಸಿಗರೇಟ್ ಸೇದಬಾರದು, ಸ್ಟಾರ್ಟ್ ಮಾಡೋ ಮುಂಚೆ ತುಂಬಿಸಿದ ಜಾಗದಿಂದ ಕನಿಷ್ಠ 3 ಮೀಟರ್ ದೂರ ಹೋಗಬೇಕು. ಇದು ವಿಷಯ. ಸಾಮಾನ್ಯವಾಗಿ ಬರೋ ಕನ್ನಡ ಹೀಗಿರತ್ತೆ:

"ಎಚ್ಚರಿಕೆ: ಪೆಟ್ರೋಲ್ ಅತ್ಯಂತ ದಹನಶೀಲವಾಗಿರುವುದರಿಂದ ಬೆಂಕಿ ಅವಘಡಗಳನ್ನು ತಪ್ಪಿಸಲು ದಯವಿಟ್ಟು ಇಂಜಿನ್ ನಿಲ್ಲಿಸಿ ತಣ್ಣಗಾಗುವ ಮುನ್ನ ಇಂಧನ ತುಂಬಿಸಬೇಡಿ ಹಾಗೂ ಧೂಮಪಾನ ಮಾಡದಿರಿ ಮತ್ತು ಇಂಧನ ತುಂಬಿಸಿದ ಸ್ಥಳದಿಂದ ಸೂಕ್ತ ಅಂತರದಲ್ಲಿ ಚಾಲನೆ ಮಾಡಿ."

ವ್ಯಾಕರಣ ತಪ್ಪಿಲ್ಲ, ಪರೀಕ್ಷೆಗಾದ್ರೆ ಮಾರ್ಕ್ಸ್ ಸಿಗತ್ತೆ. ಆದ್ರೆ ಸಾವು ಮಾಯ ಆಗಿದೆ, "ಅವಘಡ" ಆಗಿದೆ. ಅಂದ್ರೆ ವಾರ್ನಿಂಗ್ ಯಾವ ಮೆಟ್ಟಿಲು ಅಂತ ಹೇಳೋ ಸಾಲೇ ಹೋಯ್ತು. ನಿಲ್ಲಿಸಿ, ಮುನ್ನ, ಬೇಡಿ ಮೂರೂ ಒಂದಕ್ಕೊಂದು ಸಿಕ್ಕಿಹಾಕ್ಕೊಂಡಿವೆ. 3 ಮೀಟರ್ ಹೋಗಿ "ಸೂಕ್ತ" ಬಂದಿದೆ. ಬೇಡ ಅನ್ನೋದು ಒಂದ್ಕಡೆ ಬೇಡಿ, ಇನ್ನೊಂದ್ಕಡೆ ದಿರಿ. ಕೊನೆಯ "ಚಾಲನೆ ಮಾಡಿ" ಕೇಳಿದವನಿಗೆ ಜೀಪ್ ನೆನಪಾಗತ್ತೆ.

ಬಿಡಿಸಿ ಕಟ್ಟಿದ್ರೆ:

"ಎಚ್ಚರಿಕೆ
ಪೆಟ್ರೋಲ್‌ಗೆ ಬೇಗ ಬೆಂಕಿ ಹತ್ತುತ್ತದೆ.
ಸಾವು ಅಥವಾ ಗಂಭೀರ ಸುಟ್ಟಗಾಯ ಆಗಬಹುದು.
ಪೆಟ್ರೋಲ್ ತುಂಬಿಸುವ ಮೊದಲು:
1. ಇಂಜಿನ್ ನಿಲ್ಲಿಸಿ.
2. ಇಂಜಿನ್ ತಣ್ಣಗಾಗುವವರೆಗೆ ಕಾಯಿರಿ.
ತುಂಬಿಸುವಾಗ ಬೀಡಿ, ಸಿಗರೇಟ್ ಸೇದಬೇಡಿ.
ಸ್ಟಾರ್ಟ್ ಮಾಡುವ ಮೊದಲು ಮಷೀನನ್ನು ಅಲ್ಲಿಂದ ಕನಿಷ್ಠ 3 ಮೀಟರ್ ದೂರಕ್ಕೆ ಒಯ್ಯಿರಿ."

ಇಲ್ಲಿ ಕ್ರಮ ನೋಡಿ. ಯಾವಾಗ ಅನ್ನೋದು ಮೊದಲು, ಏನು ಮಾಡು ಅನ್ನೋದು ಆಮೇಲೆ. ಕನ್ನಡಕ್ಕೆ ಇದೇ ಸಹಜ, ಕೈ ಕೆಲಸ ಮಾಡೋ ಕ್ರಮವೂ ಇದೇ. ಆದ್ರೆ ಇದರಿಂದ ಒಂದು ನಷ್ಟ ಉಂಟು. ನಮ್ಮಲ್ಲಿ "ಬೇಡಿ" ಬರೋದು ವಾಕ್ಯದ ಕಟ್ಟಕಡೆಗೆ, ಅಲ್ಲಿವರೆಗೆ ಕೇಳೋನಿಗೆ ಇದು ಮಾಡು ಅನ್ನೋದಾ ಬೇಡ ಅನ್ನೋದಾ ಗೊತ್ತಿಲ್ಲ. ಹಾಗಾಗಿ ಬೇಡ ಅನ್ನೋ ವಾಕ್ಯ ಗಿಡ್ಡ ಇರಬೇಕು, ಐದಾರು ಪದ ದಾಟಬಾರದು. ಉದ್ದ ಆಗಲೇಬೇಕು ಅಂದ್ರೆ ಮಾತಾಡೋ ಥರ ತಿರುಗಿಸಿ ತಲೆಬರಹ ಮಾಡಿ: "ಹೀಗೆ ಮಾಡಬೇಡಿ:" ಅಂತ ಹಾಕಿ ಕೆಳಗೆ ಒಂದೊಂದಾಗಿ ಬರೀರಿ. ಹಾಗೆ ಬರೆದಾಗ ಮಾಡು, ಬೇಡ ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸ್ಬೇಡಿ.

ಪೇಜ್ ಮಾಡಿಸೋವಾಗ

"ಮುಟ್ಟಬೇಡಿ" ಅನ್ನೋದನ್ನ ಒಂದೇ ಪದವಾಗಿ ಬರೀರಿ. "ಮುಟ್ಟ ಬೇಡಿ" ಅಂತ ಜಾಗ ಬಿಟ್ರೆ ಸಾಲು ಅಲ್ಲೇ ತುಂಡಾಗಿ "ಬೇಡಿ" ಕೆಳಗಿನ ಸಾಲಿಗೋ ಮುಂದಿನ ಪುಟಕ್ಕೋ ಬೀಳತ್ತೆ. ಡಿಟಿಪಿಯವರು ಪದ ಒಡೆಯೋ ಸೆಟ್ಟಿಂಗ್ ಆನ್ ಇಟ್ಟಿದ್ರೆ ಸೇರಿಸಿ ಬರೆದದ್ದೂ ತುಂಡಾಗಬಹುದು, ಅದನ್ನ ಆಫ್ ಮಾಡಿಸಿ. ಗ್ರೀಸ್ ಆದ ಕೈಯಲ್ಲಿ ಹಿಡಿದ ಹಾಳೆಯಲ್ಲಿ "ಬೇಕು" ಮತ್ತು "ಬೇಡಿ" ನಡುವೆ ಒಂದೇ ಅಕ್ಷರದ ವ್ಯತ್ಯಾಸ.

ಇಂಗ್ಲಿಷಲ್ಲಿ ಒತ್ತಿ ಹೇಳೋಕೆ ದೊಡ್ಡಕ್ಷರ ಉಂಟು, ನಮಗಿಲ್ಲ. ಅದರ ಬದಲು ದಪ್ಪ ಅಕ್ಷರ ಹಾಕಿ, ಆದ್ರೆ ಹೆಡ್ಡಿಂಗ್ ಪದಕ್ಕೆ ಮತ್ತೆ ಬೇಡಿ ಇರೋ ಕ್ರಿಯಾಪದಕ್ಕೆ ಮಾತ್ರ. ಪೂರ್ತಿ ಪ್ಯಾರಾ ದಪ್ಪ ಮಾಡಿದ್ರೆ ಸಣ್ಣ ಸೈಜಲ್ಲಿ ಒತ್ತಕ್ಷರ ತುಂಬ್ಕೊಂಡು ಮಸಿ ಚುಕ್ಕಿ ಥರ ಕಾಣತ್ತೆ. ಕನ್ನಡ ವಾಕ್ಯ ಇಂಗ್ಲಿಷ್‌ಗಿಂತ ಜಾಗ ಜಾಸ್ತಿ ತಿನ್ನೋದ್ರಿಂದ ಮಷೀನ್ ಮೇಲಿನ ಸ್ಟಿಕ್ಕರ್‌ಗೆ ಹಿಡಿಸ್ತಿಲ್ಲ ಅಂತ ಫೋನ್ ಬರತ್ತೆ. ಆಗ ಏನಾಗತ್ತೆ ಅನ್ನೋ ಸಾಲನ್ನ ಕತ್ತರಿಸೋಕೆ ಒಪ್ಬೇಡಿ, ಕಾರಣ ಹೇಳೋ ಸಾಲನ್ನ ಗಿಡ್ಡ ಮಾಡಿ.

ಓದಿ ನೋಡೋದು

ಪರೀಕ್ಷೆಗೆ ಆ ಮಷೀನ್ ಹಿಡಿಯೋ ಒಬ್ರು, ಓದಿ ಹೇಳೋ ಒಬ್ರು ಸಾಕು. ರೈಟರ್ ಕೈಲಿ ಗಟ್ಟಿಯಾಗಿ ಓದಿಸಿ, ನೀವು ಬಾಯಿ ಹಾಕ್ಬೇಡಿ. "ಅರ್ಥ ಆಯ್ತಾ?" ಅಂತ ಕೇಳಿದ್ರೆ ಎಲ್ರೂ "ಆಯ್ತು" ಅಂತಾರೆ, ಧಣಿಗಳು ಪಕ್ಕದಲ್ಲಿದ್ರೆ ಇನ್ನೂ ಬೇಗ ಅಂತಾರೆ. ಅದರ ಬದಲು "ಈಗ ಎಂತ ಮಾಡ್ತೀರಿ, ತೋರ್ಸಿ" ಅನ್ನಿ. ಇಂಜಿನ್ ಆಫ್ ಇರೋ ಮಷೀನಲ್ಲಿ ತೋರಿಸ್ಲಿ. ಕ್ಯಾಪ್‌ಗೆ ಕೈ ಹಾಕೋ ಮುಂಚೆ ಕಾಯ್ತಾರಾ, ಸ್ಟಾರ್ಟ್ ಮಾಡೋ ಮುಂಚೆ ಮಷೀನ್ ಎತ್ಕೊಂಡು ದೂರ ಹೋಗ್ತಾರಾ ನೋಡಿ. ಹೋಗದಿದ್ರೆ ಎಡವಟ್ಟಾಗಿರೋದು ವಾಕ್ಯದಲ್ಲಿ ಅಂತ ತಗೊಂಡು ಅದನ್ನ ತಿದ್ದಿ.

ಮೆಟ್ಟಿಲು ಕೇಳ್ತಿದ್ಯಾ ಅಂತ ನೋಡೋಕೆ ಇನ್ನೊಂದು ಉಪಾಯ ಉಂಟು. ಹೆಡ್ಡಿಂಗ್ ಪದ ಮುಚ್ಚಿ ಮೂರು ಎಚ್ಚರಿಕೆಗಳನ್ನ ಓದಿಸಿ: ಕೋಲು ಗರಗಸ ಕರೆಂಟ್ ತಂತಿಗೆ ತಾಗೋದು, ಪೆಟ್ರೋಲ್ ತುಂಬಿಸೋದು, ಆಯಿಲ್ ಬೆರೆಸದೇ ಇರೋದು. ಯಾವ್ದು ಎಲ್ಲಕ್ಕಿಂತ ಕೆಟ್ಟದ್ದು, ಯಾವುದರಲ್ಲಿ ಮಷೀನ್ ಮಾತ್ರ ಹೋಗತ್ತೆ ಅಂತ ಕೇಳಿ. ಹೆಡ್ಡಿಂಗ್ ಇಲ್ಲದೇ ಸರಿಯಾಗಿ ಜೋಡಿಸಿದ್ರೆ ನಿಮ್ಮ ವಾಕ್ಯಗಳೇ ತೂಕ ಹೊತ್ತಿವೆ ಅಂತ ಲೆಕ್ಕ. ತಂತಿ ಮತ್ತು ಪೆಟ್ರೋಲ್ ನಡುವೆ ಯಾವ್ದು ಹೆಚ್ಚು ಅಂತ ಹೇಳೋಕಾಗದಿದ್ರೆ "ಆಗುತ್ತದೆ", "ಆಗಬಹುದು" ಎಲ್ಲೋ ಅದಲುಬದಲಾಗಿದೆ, ಅಥವಾ ಆ ಸಾಲು ಕಾರಣದ ಸಾಲಿನೊಳಗೆ ಹೂತುಹೋಗಿದೆ.

ಕೆಲವೊಮ್ಮೆ ಮೂಲದಲ್ಲೇ ಮೆಟ್ಟಿಲು ತಪ್ಪಿರೋದು ಕಾಣತ್ತೆ. ಬಿಸಿ ಸೈಲೆನ್ಸರ್ ಮುಟ್ಟಬೇಡಿ ಅನ್ನೋದಕ್ಕೆ ಒಂದು ಪುಟದಲ್ಲಿ ವಾರ್ನಿಂಗ್, ಇನ್ನೊಂದರಲ್ಲಿ ಕಾಶನ್, ಅಥವಾ ಕಾಶನ್ ಅಂತ ಹಾಕಿ ಕೆಳಗೆ ಸಾವಿನ ಮಾತು. ನೀವೇ ಸರಿ ಮಾಡೋಕೆ ಹೋಗ್ಬೇಡಿ, ಮೆಟ್ಟಿಲು ಯಾವ್ದು ಅಂತ ತೀರ್ಮಾನ ಮಾಡೋದು ಮಷೀನ್ ಮಾಡಿದವರ ಹೊಣೆ, ಏನಾದ್ರೂ ಆದ್ರೆ ಕೇಸ್ ನಿಲ್ಲೋದೂ ಆ ಪದದ ಮೇಲೇ. ಪುಟ ಸಂಖ್ಯೆ, ಎರಡೂ ಕಡೆ ಏನಿದೆ, ಯಾವ್ದು ಇಡ್ಬೇಕು ಅಂತ ಮೂರು ಸಾಲಿನ ಪ್ರಶ್ನೆ ಬರೆದು ಕಳಿಸಿ, ಉತ್ತರ ಬರೋವರೆಗೆ ಮೂಲದಲ್ಲಿ ಇದ್ದದ್ದನ್ನೇ ಇಡಿ. ಉತ್ತರವನ್ನ ಫೋನಲ್ಲಿ ಕೇಳಿ ಬಿಡ್ಬೇಡಿ, ಮೇಲ್‌ನಲ್ಲಿ ಬರೆಸ್ಕೊಳ್ಳಿ.

ಪ್ರಿಂಟ್‌ಗೆ ಹೋಗೋ ಪಿಡಿಎಫ್ ಬಂದಾಗ ಇನ್ನೊಂದ್ಸಲ ಕೂತ್ಕೊಳ್ಳಿ, ವರ್ಡ್ ಫೈಲ್ ನೋಡಿದ್ದು ಸಾಕಾಗಲ್ಲ. ಹೆಡ್ಡಿಂಗ್ ಒಂದು ಪುಟದ ಕೆಳಗೆ, ಅದರ ವಾಕ್ಯ ಮುಂದಿನ ಪುಟದ ಮೇಲೆ ಆಗಿದ್ಯಾ, ತ್ರಿಕೋನ ನೋಟಿಸ್ ಪಕ್ಕಕ್ಕೆ ಜಾರಿದ್ಯಾ, ಕಿತ್ತಳೆ ಪಟ್ಟಿಯೊಳಗೆ "ಜಾಗ್ರತೆ" ಕೂತಿದ್ಯಾ ನೋಡಿ. ಆಮೇಲೆ ಪ್ರತಿ ಬಾಕ್ಸಲ್ಲೂ ಬೆರಳಿಟ್ಟು ಕೊನೆಯ ಪದ ಮಾತ್ರ ಓದ್ತಾ ಹೋಗಿ, ಮಾಡಿ, ಬೇಡಿ, ಬೇಡಿ, ಕಾಯಿರಿ ಅಂತ, ಪಕ್ಕದಲ್ಲಿ ಮೂಲ ಇಟ್ಕೊಂಡು.